ಬಾಣಂತನಕ್ಕೆ ಯಾರೂ ಬರದ ಮನೆಯಲ್ಲಿ ಮೊದಲ ಆರು ವಾರ

ನಮ್ಮ ಕೂಸು ಹುಟ್ಟಿದ್ದು ದಾವಣಗೆರೆಯಲ್ಲಿ, ಮಾರ್ಚ್ ತಿಂಗಳ ಬಿಸಿಲಲ್ಲಿ. ಗಂಡನ ಕೆಲಸಕ್ಕೆಂದು ಶಿರಸಿ ಕಡೆಯಿಂದ ಬಂದು ಆಗ ಏಳು ತಿಂಗಳಾಗಿತ್ತು. ಹೆರಿಗೆಗೆ ತವರಿಗೆ ಹೋಗುವ ಮಾತಿತ್ತು. ನನಗೆ ಎಂಟು ತುಂಬುವ ಹೊತ್ತಿಗೆ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅತ್ತೆ ತೀರಿಹೋಗಿ ವರ್ಷಗಳಾಗಿವೆ. ಹಾಗಾಗಿ ನಿಟ್ಟುವಳ್ಳಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರು ಮತ್ತು ಮೂರು ಕೆಜಿಗೂ ಕಡಿಮೆ ತೂಕದ ಒಂದು ಜೀವ.

ಕೈಗಳು ಸಾಲುವುದಿಲ್ಲ ಎಂದು ಹೆದರಿದ್ದೆ. ನಿಜವಾಗಿ ಸಾಲದೆ ಹೋದದ್ದು ಕಣ್ಣು. ಮನೆಯಲ್ಲಿ ಅಮ್ಮನೋ ಅತ್ತೆಯೋ ಇದ್ದರೆ ಅವರು ದಿನಕ್ಕೆ ಹತ್ತು ಸಲ ಕೂಸಿನ ಮುಖ ನೋಡುತ್ತಾರೆ. 'ಇದು ಹಿಂಗೇ ಇರ್ತದೆ' ಅಥವಾ 'ಇವತ್ತು ಯಾಕೋ ಸರಿ ಇಲ್ಲ' ಎಂದು ಹೇಳುತ್ತಾರೆ. ಫೋನಿನಲ್ಲಿ ಸಲಹೆ ಬೇಕಾದಷ್ಟು ಸಿಗುತ್ತದೆ, ಆದರೆ ಫೋನಿನ ಆ ಕಡೆ ಇರುವವರಿಗೆ ಕೂಸು ಕಾಣುವುದಿಲ್ಲ. ಆ ಕಣ್ಣಿನ ಕೆಲಸವನ್ನು ನಾವೇ ಹೇಗೆ ಮಾಡಿಕೊಳ್ಳುವುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ತಿಂಗಳು ತುಂಬಿ, ಎರಡೂವರೆ ಕೆಜಿಗಿಂತ ಹೆಚ್ಚು ತೂಕವಿದ್ದು, ಆರೋಗ್ಯವಾಗಿ ಹುಟ್ಟಿದ ಕೂಸಿಗೆ ಇದು ಅನ್ವಯಿಸುತ್ತದೆ. ತಿಂಗಳು ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಕೂಸಿಗೆ ಆಸ್ಪತ್ರೆಯವರು ಬರೆದುಕೊಟ್ಟ ಕ್ರಮವನ್ನೇ ಪಾಲಿಸಬೇಕು.

ಹೆರಿಗೆಗೆ ಮುಂಚೆ ಮಾಡಿಕೊಳ್ಳಬೇಕಾದ ಮೂರು ಕೆಲಸ

ಮೊದಲನೆಯದು, ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಹುಡುಕುವುದು. ಹೊಸ ಊರಿನಲ್ಲಿ ಬಾಡಿಗೆ ಮನೆಗೆ ಬಂದವರ ಹೆಸರು ಅವರ ಪುಸ್ತಕದಲ್ಲಿ ಇರುವುದಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವವರಂತೂ ಅವರಿಗೆ ಗೊತ್ತೇ ಆಗುವುದಿಲ್ಲ. ಹತ್ತಿರದ ಅಂಗನವಾಡಿಗೆ ಹೋಗಿ ಕೇಳಿದರೆ ಫೋನ್ ನಂಬರ್ ಸಿಗುತ್ತದೆ. ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಹೆಸರು ಸೇರಿದರೆ, ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೇ ಬರುತ್ತಾರೆ. ಅವರ ಚೀಲದಲ್ಲಿ ತೂಕದ ಯಂತ್ರ, ಥರ್ಮಾಮೀಟರ್, ಉಸಿರು ಎಣಿಸಲು ಗಡಿಯಾರ ಇರುತ್ತವೆ. ನಮ್ಮಂಥವರ ಮನೆಗೆ ಬರುವ ಮೊದಲ ಅನುಭವಸ್ಥ ಕಣ್ಣು ಅದು. ಅದೇ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಗೂ ಹೆಸರು ಬರೆಸಿ. ಗರ್ಭಿಣಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ಮಧ್ಯಾಹ್ನದ ಬಿಸಿಯೂಟ ಕೊಡುವ ರಾಜ್ಯದ ಯೋಜನೆ ಅದು, 2017ರಲ್ಲಿ ಶುರುವಾಯಿತು. ಒಂಟಿ ಬಾಣಂತಿ ಮೊದಲು ತಪ್ಪಿಸಿಕೊಳ್ಳುವುದು ಮಧ್ಯಾಹ್ನದ ಊಟವನ್ನೇ.

ಎರಡನೆಯದು, ರಾತ್ರಿ ಹೊತ್ತು ಯಾವ ಆಸ್ಪತ್ರೆ ಎಂದು ಹಗಲಲ್ಲೇ ತೀರ್ಮಾನಿಸುವುದು. ದಾವಣಗೆರೆಯಲ್ಲಿ ವೈದ್ಯರಿಗೆ ಕೊರತೆಯಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ, ಖಾಸಗಿ ಮಕ್ಕಳ ಕ್ಲಿನಿಕ್ಕುಗಳೂ ಹಲವು. ಆದರೆ ಸಂಜೆ ಎಂಟೂವರೆಗೆ ಬಾಗಿಲು ಹಾಕುವ ಕ್ಲಿನಿಕ್ಕಿನ ನಂಬರ್ ರಾತ್ರಿ ಎರಡು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲ. ನೀವು ಆರಿಸಿಕೊಂಡ ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ? ರಾತ್ರಿ ಮಕ್ಕಳ ವೈದ್ಯರು ಒಳಗೇ ಇರುತ್ತಾರೋ, ಕರೆಸಬೇಕೋ? ನವಜಾತ ಶಿಶುವನ್ನು ಸೇರಿಸಿಕೊಳ್ಳುವ ಘಟಕ ಇದೆಯೋ, ಬೇರೆ ಕಡೆ ಕಳಿಸುತ್ತೀರೋ? ನಾವು ಒಂದು ಭಾನುವಾರ ರಾತ್ರಿ ಹತ್ತೂವರೆಗೆ ಸುಮ್ಮನೆ ಆಟೋ ಹಿಡಿದು ಹೋಗಿ ಬಂದೆವು. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಆಟೋ ಸಿಗುವುದಿಲ್ಲ, ಮುಖ್ಯರಸ್ತೆಯವರೆಗೆ ನಡೆಯಬೇಕು ಎಂದು ಗೊತ್ತಾದದ್ದು ಆಗಲೇ. ಮರುದಿನ ಹಿಂದಿನ ಬೀದಿಯ ಆಟೋದವರೊಬ್ಬರ ನಂಬರ್ ತೆಗೆದುಕೊಂಡೆವು. ಅವರೂ ಸಿಗದಿದ್ದರೆ 108.

ಮೂರನೆಯದು, ಬೀಗದ ಕೈ. ಪಕ್ಕದ ಮನೆಯ ಒಬ್ಬರಿಗೆ ನಿಮ್ಮ ಮನೆಯ ಇನ್ನೊಂದು ಬೀಗದ ಕೈ ಕೊಟ್ಟಿರಿ. ನಮ್ಮ ಎದುರು ಮನೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿ ಬಿಟ್ಟ ಅಜ್ಜಿಯೊಬ್ಬರಿದ್ದರು. ಬೀಗದ ಕೈ ಕೊಡುವಾಗ ನನಗೆ ಸಂಕೋಚವಾಯಿತು. ಅವರು, "ಅದ್ರಾಗೇನೈತವ್ವ, ಬೆಳಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ನಾಲ್ಕಕ್ಕೊಮ್ಮೆ ಕದ ಬಡೀತೀನಿ, ನೀ ತೆಗಿಲಿಲ್ಲಂದ್ರ ನಾನೇ ತೆಗ್ದು ಬರ್ತೀನಿ" ಎಂದರು. ಆರು ವಾರವೂ ಹಾಗೇ ಮಾಡಿದರು. ಕೆಲಸ ಮಾಡಿಕೊಡಿ ಎಂದು ಕೇಳುವುದಕ್ಕಿಂತ ಹೀಗೆ ಗೊತ್ತಾದ ಹೊತ್ತಿಗೆ ಬಂದು ನೋಡಿ ಎಂದು ಕೇಳುವುದು ಸುಲಭ, ಅದರಿಂದ ಆಗುವ ಉಪಕಾರವೂ ದೊಡ್ಡದು.

ಗಂಡನ ರಜೆಯ ಬಗ್ಗೆ ಒಂದು ಮಾತು. ಆಸ್ಪತ್ರೆಯಲ್ಲಿರುವ ದಿನಗಳಿಗೆ ರಜೆಯನ್ನೆಲ್ಲ ಮುಗಿಸಬೇಡಿ. ಅಲ್ಲಿ ನರ್ಸುಗಳಿರುತ್ತಾರೆ. ಮನೆಗೆ ಬಂದ ದಿನದಿಂದ ಹೆಚ್ಚಿನ ರಜೆ ಹಾಕಲಿ, ಎರಡು ದಿನ ಆರನೇ ವಾರದ ಲಸಿಕೆಗೆ ಎತ್ತಿಡಲಿ.

ಹಾಲು ಸಾಲುತ್ತಿದೆಯೇ ಎಂದು ತಿಳಿಯುವುದು

ಇದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾವು ಎಡವಿದ್ದು ಇಲ್ಲೇ.

ಕೂಸು ಅಳುವುದನ್ನು ನೋಡಿ ಹಾಲಿನ ಲೆಕ್ಕ ಹಾಕಲು ಆಗುವುದಿಲ್ಲ. ಹೊಟ್ಟೆ ತುಂಬಿದ ಕೂಸೂ ಅಳುತ್ತದೆ, ಹಾಲು ಸಾಲದೆ ಸೊರಗಿದ ಕೂಸು ಅಳದೆ ನಿದ್ದೆ ಮಾಡುತ್ತದೆ. ನೋಡಬೇಕಾದದ್ದು ಮೂರು: ಎಷ್ಟು ಸಲ ಕುಡಿಯಿತು, ಎಷ್ಟು ಸಲ ಉಚ್ಚೆ ಮಾಡಿತು, ತೂಕ ಎಷ್ಟಾಯಿತು. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ದಿನಕ್ಕೊಂದು ಪುಟ ಬಿಡಿ. ಕುಡಿಸಿದ ಹೊತ್ತು, ಯಾವ ಕಡೆ, ಉಚ್ಚೆಗೊಂದು ಗೆರೆ, ಕಕ್ಕಕ್ಕೊಂದು ಗೆರೆ ಮತ್ತು ಅದರ ಬಣ್ಣ. ಇಷ್ಟೇ ಸಾಕು. ನಿದ್ದೆಗೆಟ್ಟ ತಲೆಯಲ್ಲಿ ಏನೂ ಉಳಿಯುವುದಿಲ್ಲ, ಪುಸ್ತಕದಲ್ಲಿ ಉಳಿಯುತ್ತದೆ.

ಇಪ್ಪತ್ನಾಲ್ಕು ಗಂಟೆಯಲ್ಲಿ 8ರಿಂದ 12 ಸಲ ಕುಡಿಯಬೇಕು. ಉಚ್ಚೆ ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ, ಹೀಗೆ ಏರುತ್ತಾ ಹೋಗಿ ಆರನೇ ದಿನದಿಂದ ಕನಿಷ್ಠ ಆರು ಸಲ ಆಗಬೇಕು, ನೀರಿನ ಹಾಗೆ ತಿಳಿಯಾಗಿರಬೇಕು. ಕಪ್ಪಗೆ ಅಂಟಂಟಾಗಿ ಶುರುವಾಗುವ ಕಕ್ಕ ಐದನೇ ದಿನದ ಹೊತ್ತಿಗೆ ಸಾಸಿವೆ ಹಳದಿಗೆ ತಿರುಗಬೇಕು. ಈ ಲೆಕ್ಕಕ್ಕಾಗಿಯೇ ಮೊದಲ ಎರಡು ವಾರ ಹಗಲಲ್ಲಿ ಡೈಪರ್ ಬೇಡ, ಹತ್ತಿ ಬಟ್ಟೆಯ ಲಂಗೋಟಿ ಕಟ್ಟಿ. ಡೈಪರಿನಲ್ಲಿ ಎರಡು ಸಲದ ಉಚ್ಚೆಯೂ ನಾಲ್ಕು ಸಲದ್ದೂ ಒಂದೇ ಥರ ಕಾಣುತ್ತದೆ. ಲಂಗೋಟಿಯ ಮೇಲೆ ಇಟ್ಟಿಗೆ ಪುಡಿ ಬಣ್ಣದ ಕಲೆ ಮೊದಲ ಎರಡು ಮೂರು ದಿನ ಕಂಡರೆ ಗಾಬರಿಯಿಲ್ಲ. ಆಮೇಲೂ ಕಂಡರೆ ಕೂಸಿಗೆ ಹಾಲು ಸಾಲುತ್ತಿಲ್ಲ ಎಂದು ತಿಳಿಯಿರಿ.

ತೂಕ ಮೊದಲ ವಾರ ಇಳಿಯುತ್ತದೆ. ಹುಟ್ಟಿದಾಗಿನ ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿದರೆ ಸಹಜ, ಹತ್ತಕ್ಕೆ ಹೋದರೆ ವೈದ್ಯರಿಗೆ ತೋರಿಸಲೇಬೇಕು. ಹತ್ತರಿಂದ ಹದಿನಾಲ್ಕು ದಿನದೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರಬೇಕು. ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಾ ಹೋಗಬೇಕು.

ಈಗ ನಮ್ಮ ಪುಸ್ತಕದ ಲೆಕ್ಕ. ಹುಟ್ಟಿದಾಗ 2.90 ಕೆಜಿ. ನಾಲ್ಕನೇ ದಿನ ಆಸ್ಪತ್ರೆಯಿಂದ ಬರುವಾಗ 2.69. ಅಂದರೆ 210 ಗ್ರಾಂ ಇಳಿಕೆ, ನೂರಕ್ಕೆ ಏಳರ ಆಸುಪಾಸು. ಸಹಜ ಎಂದರು. ಮನೆಗೆ ಬಂದ ಮೇಲೆ ಕೂಸು ತುಂಬಾ ಒಳ್ಳೆಯ ಕೂಸಾಯಿತು. ನಾಲ್ಕೈದು ಗಂಟೆ ಎಡೆಬಿಡದೆ ನಿದ್ದೆ. ಫೋನಿನಲ್ಲಿ ಎಲ್ಲರೂ 'ಪುಣ್ಯವಂತರು ನೀವು, ಮಲಗಿದ ಕೂಸನ್ನ ಎಬ್ಬಿಸಬಾರದು' ಎಂದರು. ಶೀತ ಆಗುತ್ತದೆ ಎಂದೂ ಹೇಳಿದರು. ಕುಲಾಯಿ, ಸ್ವೆಟರ್, ಮೇಲೊಂದು ಕೌದಿ ಹೊದಿಸಿದ್ದೆವು. ಅವರೆಲ್ಲ ಹೇಳುತ್ತಿದ್ದದ್ದು ಶಿರಸಿಯ ಮಳೆಗಾಲದ ಬಾಣಂತನ, ನಾವಿದ್ದದ್ದು ದಾವಣಗೆರೆಯ ಬೇಸಿಗೆಯ ತಾರಸಿ ಮನೆಯಲ್ಲಿ.

ಏಳನೇ ದಿನ ಬರಬೇಕಿದ್ದ ಆಶಾ ಅಕ್ಕ ಒಂಬತ್ತನೇ ದಿನ ಬಂದರು. ತೂಕ 2.66. ಏರಬೇಕಾದ ಹೊತ್ತಿನಲ್ಲಿ ಇನ್ನೂ 30 ಗ್ರಾಂ ಇಳಿದಿತ್ತು. ಪುಸ್ತಕ ನೋಡಿದರು: ಹಿಂದಿನ ದಿನ ಕುಡಿಸಿದ್ದು ಆರು ಸಲ, ಉಚ್ಚೆ ನಾಲ್ಕು. "ಅಕ್ಕಾ, ಇದು ನಿದ್ದಿ ಅಲ್ರಿ, ಸುಸ್ತು" ಎಂದರು. ಕೌದಿ ಸ್ವೆಟರ್ ಎಲ್ಲ ಬಿಚ್ಚಿಸಿ, ನನ್ನೆದುರು ಕೂತು ಕುಡಿಸುವುದನ್ನು ನೋಡಿದರು. ಅಂದೇ ಸಂಜೆ ಮಕ್ಕಳ ವೈದ್ಯರಿಗೆ ತೋರಿಸಿದೆವು. ಕಾಮಾಲೆಯಾಗಲಿ ಸೋಂಕಾಗಲಿ ಇಲ್ಲ ಎಂದು ಅವರು ಪರೀಕ್ಷಿಸಿ ಹೇಳಿದ ಮೇಲೆ ಉಳಿದದ್ದು ಮನೆಯಲ್ಲೇ ಸರಿಪಡಿಸುವ ಕೆಲಸ. ಸುಸ್ತಾಗಿ ಮಲಗುವ ಕೂಸಿಗೆ ಈ ಪರೀಕ್ಷೆ ಮೊದಲು ಆಗಲೇಬೇಕು, ಬರೀ ಹಾಲಿನ ತೊಂದರೆ ಎಂದು ನಾವೇ ತೀರ್ಮಾನಿಸಬಾರದು.

ಕೂಸು ಮೊಲೆತೊಟ್ಟನ್ನಷ್ಟೇ ಬಾಯಲ್ಲಿ ಹಿಡಿಯುತ್ತಿತ್ತು. ನನಗೆ ನೋವಾಗುತ್ತಿತ್ತು, ಕುಡಿದು ಬಿಟ್ಟ ಮೇಲೆ ತೊಟ್ಟು ಒಂದು ಕಡೆ ಚಪ್ಪಟೆಯಾಗಿರುತ್ತಿತ್ತು. ಸರಿಯಾಗಿ ಹಿಡಿದಿಲ್ಲ ಎನ್ನುವುದಕ್ಕೆ ಇವೇ ಗುರುತು. ಸರಿಯಾಗಿ ಹಿಡಿಸುವ ಕ್ರಮ ಹೀಗೆ: ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕೂಸಿನ ಮೂಗಿನ ನೇರಕ್ಕೆ ತೊಟ್ಟು ಬರುವಂತೆ ಹಿಡಿದು, ಮೇಲ್ತುಟಿಗೆ ಸವರಿ, ಆಕಳಿಸುವಷ್ಟು ಅಗಲ ಬಾಯಿ ತೆರೆಯುವವರೆಗೆ ಕಾಯಿರಿ. ತೆರೆದ ಕ್ಷಣ ಕೂಸನ್ನು ಮೊಲೆಯ ಹತ್ತಿರ ತನ್ನಿ, ನೀವು ಬಗ್ಗಬೇಡಿ. ಗದ್ದ ಮೊಲೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ಹಾಲು ಇಳಿಯುತ್ತಿದ್ದರೆ ಗುಟುಕರಿಸುವ ಸದ್ದು ಕೇಳುತ್ತದೆ. ತಪ್ಪಾಗಿ ಹಿಡಿದಿದ್ದರೆ ಎಳೆಯಬೇಡಿ, ಕೂಸಿನ ಬಾಯಿಯ ಮೂಲೆಯಲ್ಲಿ ಶುಭ್ರವಾದ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸಿ.

ಹುಟ್ಟಿದ ತೂಕಕ್ಕೆ ಮರಳುವವರೆಗೆ ಎರಡು ಸಲದ ನಡುವೆ ಮೂರು ಗಂಟೆಗಿಂತ ಹೆಚ್ಚು ಬಿಡಲಿಲ್ಲ, ರಾತ್ರಿಯೂ ಅಲಾರಂ ಇಟ್ಟು ಎಬ್ಬಿಸಿದೆವು. ಎಬ್ಬಿಸಲು ಬಟ್ಟೆ ಬಿಚ್ಚಿ, ಲಂಗೋಟಿ ಬದಲಿಸಿ, ಅಂಗಾಲು ಉಜ್ಜಿ, ಬರಿಮೈಯಲ್ಲಿ ನನ್ನ ಎದೆಗೆ ಹಾಕಿಕೊಳ್ಳುವುದು. ಕುಡಿಯುತ್ತಾ ನಿದ್ದೆ ಹೋದರೆ ಮೊಲೆಯನ್ನು ಕೈಯಲ್ಲಿ ಮೆಲ್ಲಗೆ ಒತ್ತಿದರೆ ಹಾಲು ಇಳಿದು ಮತ್ತೆ ಗುಟುಕರಿಸುತ್ತದೆ. ಹಗಲಲ್ಲಿ ನಾಲ್ಕು ಸಲ, ಕುಡಿಸಿದ ಮೇಲೆ ಉಳಿದ ಹಾಲನ್ನು ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸಿದೆ, ಸಲಕ್ಕೆ 20ರಿಂದ 30 ಮಿ.ಲೀ. ಒಳಲೆ ಚೌಕಿಪೇಟೆಯ ಪಾತ್ರೆ ಅಂಗಡಿಯಲ್ಲಿ ಸಿಕ್ಕಿತು. ಬಾಟಲಿಗಿಂತ ತೊಳೆಯಲು, ಕುದಿಸಲು ಸುಲಭ.

ಹನ್ನೆರಡನೇ ದಿನ 2.74. ಹದಿನಾರನೇ ದಿನ 2.86. ಇಪ್ಪತ್ತೊಂದನೇ ದಿನ 3.02. ಹುಟ್ಟಿದ ತೂಕ ದಾಟಲು ಎರಡು ವಾರದ ಗಡಿಗಿಂತ ಮೂರು ನಾಲ್ಕು ದಿನ ತಡವಾಯಿತು, ಆದರೆ ದಾರಿ ಸರಿಯಾಯಿತು. ಮನೆಯಲ್ಲಿ ತೂಕ ನೋಡುವ ಯಂತ್ರ ಕೊಳ್ಳಬೇಕಾಗಿಲ್ಲ. ಬೇರೆ ಬೇರೆ ಯಂತ್ರಗಳಲ್ಲಿ 50 ಗ್ರಾಂ ಹೆಚ್ಚುಕಮ್ಮಿ ತೋರಿಸಿದರೆ ಸುಮ್ಮನೆ ಗಾಬರಿ. ಒಂದೇ ಯಂತ್ರದಲ್ಲಿ, ಬಟ್ಟೆಯಿಲ್ಲದೆ, ಐದಾರು ದಿನಕ್ಕೊಮ್ಮೆ ನೋಡಿದರೆ ಸಾಕು.

ಬೇಸಿಗೆಯಲ್ಲಿ ಎಲ್ಲರೂ 'ಬಾಯಾರಿಕೆ ಆಗ್ತದೆ, ಎರಡು ಚಮಚ ನೀರು ಹಾಕು' ಎನ್ನುತ್ತಾರೆ. ಹಾಕಬೇಡಿ. ಎದೆಹಾಲಿನಲ್ಲೇ ಬಹುಪಾಲು ನೀರಿದೆ. ಪುಟ್ಟ ಹೊಟ್ಟೆಗೆ ನೀರು ತುಂಬಿದರೆ ಅಷ್ಟು ಹಾಲು ಹೊರಗುಳಿಯುತ್ತದೆ, ಭೇದಿಯ ಭಯ ಬೇರೆ. ಗ್ರೈಪ್ ವಾಟರ್, ಜೇನು, ಬಜೆ ಯಾವುದೂ ಬೇಡ. ನೀರು ಕುಡಿಯಬೇಕಾದವರು ನೀವು: ಕುಡಿಸಲು ಕೂರುವ ಜಾಗದಲ್ಲಿ ಒಂದು ದೊಡ್ಡ ಚೊಂಬು ಯಾವಾಗಲೂ ತುಂಬಿರಲಿ.

ರಾತ್ರಿ ಪಾಳಿ

ಇಬ್ಬರೂ ಒಟ್ಟಿಗೆ ಎದ್ದಿದ್ದರೆ ಮೂರನೇ ರಾತ್ರಿಗೆ ಇಬ್ಬರೂ ಕೆಲಸಕ್ಕೆ ಬಾರದಂತಾಗುತ್ತೀರಿ. ನಾವು ರಾತ್ರಿಯನ್ನು ಎರಡರ ಹೊತ್ತಿಗೆ ಮುರಿದೆವು. ಒಂಬತ್ತಕ್ಕೆ ಕುಡಿಸಿ ನಾನು ಮಲಗುತ್ತಿದ್ದೆ. ಅಲ್ಲಿಂದ ಎರಡರವರೆಗೆ ಕೂಸಿನ ಹೊಣೆ ಗಂಡನದು. ಹನ್ನೆರಡರ ಹೊತ್ತಿಗೆ ಕೂಸನ್ನು ತಂದು ಕೊಡುತ್ತಿದ್ದರು, ನಾನು ಕುಡಿಸಿದ ತಕ್ಷಣ ಒಯ್ದು ತೇಗಿಸಿ, ಲಂಗೋಟಿ ಬದಲಿಸಿ ಮಲಗಿಸುತ್ತಿದ್ದರು. ಎರಡರ ಮೇಲೆ ಬೆಳಗಿನ ಏಳರವರೆಗೆ ನನ್ನದು, ಅವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಕೂಸಿನ ತೂಕ ಏರತೊಡಗಿದ ಮೇಲೆ ಸಂಜೆ ಹಿಂಡಿಟ್ಟ ಹಾಲನ್ನು ಹನ್ನೆರಡಕ್ಕೆ ಅವರೇ ಒಳಲೆಯಲ್ಲಿ ಕುಡಿಸಿದರು. ನನಗೆ ಐದು ಗಂಟೆ ಸತತ ನಿದ್ದೆ ಸಿಕ್ಕಿತು. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ತಡೆಯುತ್ತದೆ ಎನ್ನುವುದು ತಂಪಾದ ಕೋಣೆಯ ಲೆಕ್ಕ. ಇಲ್ಲಿನ ಬೇಸಿಗೆಯಲ್ಲಿ ತಕ್ಷಣ ಫ್ರಿಜ್ಜಿನ ಒಳಭಾಗದಲ್ಲಿಡಿ, ಬಾಗಿಲಿನಲ್ಲಿ ಬೇಡ. ಕರೆಂಟು ಹೋಗಿ ಬರುವ ಊರಿನಲ್ಲಿ 24 ಗಂಟೆಗಿಂತ ಹೆಚ್ಚು ಇಡಬೇಡಿ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಬೇಡ.

ಕೂಸನ್ನು ಯಾವಾಗಲೂ ಅಂಗಾತ, ಗಟ್ಟಿ ಸಪಾಟು ಹಾಸಿನ ಮೇಲೆ, ಪಾಳಿಯಲ್ಲಿರುವವರ ಕಣ್ಣೆದುರು ಮಲಗಿಸಿ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬನ್ನು ತೆಗೆದಿಡಿ. ಮೃದುವಾದ ಏನೂ ಮುಖದ ಹತ್ತಿರ ಇರಬಾರದು. ಸೋಫಾದ ಮೇಲೆ ಕೂತು ಕುಡಿಸುತ್ತಾ ತೂಕಡಿಸುವುದು ಎಲ್ಲಕ್ಕಿಂತ ಅಪಾಯ. ತೂಕಡಿಕೆ ಬಂದರೆ ಇನ್ನೊಬ್ಬರನ್ನು ಎಬ್ಬಿಸಿ.

ಒಬ್ಬರೇ ಎರೆಯುವುದು

ಹೊಕ್ಕುಳಬಳ್ಳಿ ಬೀಳುವವರೆಗೆ ಎರೆಯುವ ಅಗತ್ಯವೇ ಇಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮುಖ, ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದು ಒರೆಸಿದರೆ ಆಯಿತು. ಬಳ್ಳಿಗೆ ಎಣ್ಣೆ, ಪುಡಿ, ಬೂದಿ ಏನೂ ಹಚ್ಚದೆ ಒಣಗಲು ಬಿಡಿ, ಲಂಗೋಟಿಯನ್ನು ಅದರ ಕೆಳಗೆ ಕಟ್ಟಿ. ಬಿದ್ದ ಮೇಲೂ ವಾರಕ್ಕೆ ಎರಡು ಮೂರು ಸಲ ಎರೆದರೆ ಸಾಕು. ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುತ್ತಿರಲಿಲ್ಲ, ನೀರು ಬಂದ ದಿನವೇ ಕೂಸಿಗೂ ನೀರು.

ಕಾಲು ಚಾಚಿ ಅದರ ಮೇಲೆ ಮಲಗಿಸಿ ಎರೆಯುವುದು ಕೈ ಪಳಗಿದ ಅಜ್ಜಿಯರ ವಿದ್ಯೆ. ಪಕ್ಕದಲ್ಲಿ ನೀರು ಎತ್ತಿಕೊಡುವ ಇನ್ನೊಬ್ಬರೂ ಬೇಕು. ಒಬ್ಬರೇ ಇದ್ದಾಗ ಪ್ಲಾಸ್ಟಿಕ್ ಟಬ್ಬನ್ನು ನೆಲದ ಮೇಲಿಟ್ಟು, ತಳಕ್ಕೆ ಟವೆಲ್ ಹಾಸಿ, ನಾಲ್ಕು ಬೆರಳು ನೀರು ಹಾಕಿ. ತಣ್ಣೀರು ಮೊದಲು, ಬಿಸಿನೀರು ಆಮೇಲೆ, ಮೊಣಕೈ ಅದ್ದಿ ನೋಡಿ. ಒರೆಸುವ ಬಟ್ಟೆ, ಲಂಗೋಟಿ, ಅಂಗಿ ಎಲ್ಲ ಕೈಗೆ ಸಿಗುವಂತೆ ಹಾಸಿಟ್ಟು, ಬಾಗಿಲ ಚಿಲಕ ಹಾಕಿ, ಆಮೇಲೆ ಕೂಸನ್ನು ಎತ್ತಿಕೊಳ್ಳಿ. ಎಡ ಮುಂಗೈ ಮೇಲೆ ಕುತ್ತಿಗೆ, ಎಡಗೈ ಬೆರಳುಗಳಲ್ಲಿ ಆಚೆಯ ತೋಳಿನ ಕಂಕುಳು ಹಿಡಿದರೆ ಕೂಸು ಜಾರುವುದಿಲ್ಲ. ಯಾರು ಕದ ಬಡಿದರೂ ಫೋನು ಹೊಡೆದುಕೊಂಡರೂ ಕೂಸನ್ನು ನೀರಲ್ಲಿ ಬಿಟ್ಟು ಏಳಬೇಡಿ, ಏಳಲೇಬೇಕಾದರೆ ಎತ್ತಿಕೊಂಡು ಏಳಿ. ಮೂಗು ಕಿವಿಗೆ ಎಣ್ಣೆ ಬಿಡುವುದು, ಕೋಣೆ ತುಂಬ ಸಾಂಬ್ರಾಣಿ ಹೊಗೆ ಹಾಕುವುದು ಬೇಡ, ಎಳೆಯ ಉಸಿರಿಗೆ ಅವು ಒಳ್ಳೆಯದಲ್ಲ. ಸಿಸೇರಿಯನ್ ಆದವರು ನೆಲಕ್ಕೆ ಬಗ್ಗಬಾರದು. ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಗಂಡನೇ ಎರೆಯುತ್ತಿದ್ದರು.

ರಾತ್ರಿ ಎರಡು ಗಂಟೆಯ ತೀರ್ಮಾನ

ಕೂಸು ಸರಿಯಿಲ್ಲ ಅನ್ನಿಸಿದಾಗ ಹೋಗಬೇಕೋ ಬೆಳಗಾಗಲಿ ಎನ್ನಬೇಕೋ ಎಂದು ಇಬ್ಬರೂ ಮುಖ ಮುಖ ನೋಡಿಕೊಳ್ಳುವ ಹೊತ್ತು ಬರುತ್ತದೆ. ಆಗ ಚರ್ಚೆ ನಡೆಯಬಾರದು. ಈ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ. ಇದರಲ್ಲಿ ಒಂದು ಕಂಡರೂ ಹೊರಡುವುದೇ.

- ಹಾಲು ಕುಡಿಯುವುದನ್ನು ನಿಲ್ಲಿಸಿದೆ, ಅಥವಾ ಎಬ್ಬಿಸಿದರೂ ಚೀಪುವ ಶಕ್ತಿಯಿಲ್ಲ.
- ಕಂಕುಳಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಹೆಚ್ಚು. ಇಲ್ಲವೇ ಬೆಚ್ಚಗೆ ಎದೆಗವುಚಿಕೊಂಡರೂ ಮೈ 35.5ಕ್ಕಿಂತ ತಣ್ಣಗಿದೆ.
- ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ಸಲ ಎಣಿಸಿದರೂ ಅಷ್ಟೇ. ಅಥವಾ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದೆ, ನರಳುತ್ತಿದೆ.
- ಫಿಟ್ಸ್, ಅಥವಾ ಮುಟ್ಟಿದರೆ ಮಾತ್ರ ಕೈಕಾಲು ಆಡಿಸುತ್ತಿದೆ.
- ಅಂಗೈ ಅಂಗಾಲಿನವರೆಗೆ ಹಳದಿ, ಅಥವಾ ಹುಟ್ಟಿದ ಮೊದಲ ದಿನವೇ ಹಳದಿ.
- ಹಸಿರು ವಾಂತಿ, ತುಟಿ ನೀಲಿ, ಹೊಕ್ಕುಳ ಸುತ್ತ ಚರ್ಮ ಕೆಂಪಾಗಿ ಊದಿದೆ.

ಉಸಿರನ್ನು ಕೂಸು ಶಾಂತವಾಗಿರುವಾಗ, ಹೊಟ್ಟೆಯ ಏರಿಳಿತ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಏಕೆಂದರೆ ಎಳೆಗೂಸುಗಳು ಐದಾರು ಸೆಕೆಂಡ್ ಉಸಿರು ನಿಲ್ಲಿಸಿ ಆಮೇಲೆ ಬೇಗಬೇಗ ಎಳೆಯುವುದು ಸಹಜ. ಜ್ವರದಲ್ಲೂ ಒಂದು ಸೂಕ್ಷ್ಮವಿದೆ. ಬೇಸಿಗೆಯ ರಾತ್ರಿ ಹೊದಿಕೆ ಹೆಚ್ಚಾದರೆ 37.5ರಿಂದ 37.9 ತೋರಿಸಬಹುದು. ಕೂಸು ಚುರುಕಾಗಿದ್ದು ಚೆನ್ನಾಗಿ ಕುಡಿಯುತ್ತಿದ್ದರೆ ಹೊದಿಕೆ ತೆಗೆದು, ಹಾಲು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ 37.5ಕ್ಕಿಂತ ಕೆಳಗೆ ಇಳಿಯದಿದ್ದರೆ ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಮನೆಯಲ್ಲೇ ಜ್ವರದ ಔಷಧಿ ಹಾಕಿ ಬೆಳಗಿನವರೆಗೆ ಕಾಯಬಾರದು. ಜ್ವರ ಇಳಿಯುತ್ತದೆ, ಒಳಗಿನ ಸೋಂಕು ಬೆಳೆಯುತ್ತಿರುತ್ತದೆ.

ಬಾಗಿಲ ಪಕ್ಕ ಒಂದು ಚೀಲ ಸಿದ್ಧವಿರಲಿ: ತಾಯಿ ಕಾರ್ಡ್, ಆಸ್ಪತ್ರೆಯ ಬಿಡುಗಡೆ ಚೀಟಿ, ಆ ನೋಟ್‌ಬುಕ್, ನಾಲ್ಕು ಲಂಗೋಟಿ, ಒಂದು ಕೌದಿ, ಚಾರ್ಜರ್, ಸ್ವಲ್ಪ ನಗದು. ಗಂಡ ಊರಲ್ಲಿಲ್ಲದ ದಿನವಾದರೆ ಕೂಸನ್ನು ಎದೆಗೆ ಕಟ್ಟಿಕೊಂಡು, ಎದುರು ಮನೆಯವರನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರು ಕೇಳುವ ಮೊದಲ ಪ್ರಶ್ನೆ 'ಕೊನೆಯ ಸಲ ಯಾವಾಗ ಚೆನ್ನಾಗಿ ಕುಡಿಯಿತು, ಉಚ್ಚೆ ಯಾವಾಗ ಮಾಡಿತು' ಎಂದೇ. ಪುಸ್ತಕ ಕೈಗೆ ಕೊಟ್ಟರೆ ಉತ್ತರ ಅಲ್ಲೇ ಇರುತ್ತದೆ.

ಬಾಣಂತಿಯನ್ನು ಯಾರು ನೋಡಬೇಕು

ನೋಟ್‌ಬುಕ್ಕಿನ ಅದೇ ಪುಟದ ಕೆಳಗೆ ತಾಯಿಗೂ ಎರಡು ಸಾಲು ಬಿಡಿ, ಅದನ್ನು ಗಂಡ ತುಂಬಲಿ: ಏನು ಉಂಡಳು, ಎಷ್ಟು ಹೊತ್ತು ಮಲಗಿದಳು. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ, ಚಳಿಜ್ವರ, ಕಣ್ಣು ಮಂಜಾಗುವಂಥ ತಲೆನೋವು, ಒಂದೇ ಕಾಲು ಊದಿ ನೋಯುವುದು, ಇವು ಯಾವುದೇ ಇದ್ದರೂ ಅದೇ ಹೊತ್ತಿಗೆ ಆಸ್ಪತ್ರೆಗೆ.

ಮೊದಲ ವಾರ ಸುಮ್ಮಸುಮ್ಮನೆ ಅಳು ಬರುತ್ತದೆ. ಎರಡು ವಾರ ದಾಟಿದರೂ ಅದು ಹೋಗದಿದ್ದರೆ, ಕೂಸು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಇಲ್ಲ ಅನ್ನಿಸಿದರೆ ಅದು ಕಾಯಿಲೆ, ಅದಕ್ಕೆ ಮದ್ದಿದೆ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮಗೋ ಕೂಸಿಗೋ ಏನಾದರೂ ಮಾಡಿಬಿಡುತ್ತೇನೆ ಎಂಬ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಎದುರು ಮನೆಗೆ ಹೋಗಿ ಕೂತು ಅಲ್ಲಿಂದ ಆಸ್ಪತ್ರೆಗೆ ಹೋಗಿ. ಕೂಸಿನ ಅಳು ತಡೆಯಲಾರದೆ ಸಿಟ್ಟು ಬಂದ ಹೊತ್ತಿಗೆ ಅದನ್ನು ಅಂಗಾತ ಮಲಗಿಸಿ, ಹತ್ತು ನಿಮಿಷ ಹೊರಗೆ ಬಂದು ನಿಲ್ಲಿ. ಹತ್ತು ನಿಮಿಷ ಅತ್ತರೆ ಕೂಸಿಗೆ ಏನೂ ಆಗುವುದಿಲ್ಲ. ಹಿಡಿದು ಕುಲುಕಿದರೆ ಮಿದುಳಿಗೆ ಪೆಟ್ಟಾಗುತ್ತದೆ.

ಆರನೇ ವಾರದ ಸೂಜಿ

ಆರು ವಾರಕ್ಕೆ ಪೆಂಟಾವೇಲೆಂಟ್, ಪೋಲಿಯೋ ಮತ್ತು ನ್ಯುಮೋನಿಯಾ ತಡೆಯುವ ಪಿಸಿವಿ ಸೂಜಿಗಳು, ಬಾಯಿಗೆ ಪೋಲಿಯೋ ಮತ್ತು ರೋಟಾ ಲಸಿಕೆ. ಸರ್ಕಾರಿ ಕೇಂದ್ರದಲ್ಲಿ ಎಲ್ಲವೂ ಉಚಿತ. ಸೂಜಿ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ. ಅಂದು ರಾತ್ರಿ ಜ್ವರ, ಕಿರಿಕಿರಿ, ತೊಡೆ ಗಟ್ಟಿಯಾಗುವುದು ಸಾಮಾನ್ಯ. ಇದೊಂದು ಸಂದರ್ಭಕ್ಕೆ ಪ್ಯಾರಸಿಟಮಾಲ್ ಎಷ್ಟು ಕೊಡಬೇಕೆಂದು ಅಲ್ಲೇ ಕೇಳಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಜೊತೆಗೆ ಡ್ರಾಪ್ಸ್ ಎಂದೋ ಸಿರಪ್ ಎಂದೋ ಬರೆಸಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕೂಸು ಆಗ 3.65 ಕೆಜಿ. ವೈದ್ಯರು ಡ್ರಾಪ್ಸ್ 0.4 ಮಿ.ಲೀ. ಎಂದು ಬರೆದಿದ್ದರು. ಔಷಧಿ ಅಂಗಡಿಯಲ್ಲಿ ಸಿರಪ್ ಬಾಟಲಿ ಕೊಟ್ಟರು, ನಾವು ಮನೆಗೆ ಬಂದು ಲೇಬಲ್ ಓದಿದ ಮೇಲೆ ಗೊತ್ತಾಯಿತು. ಡ್ರಾಪ್ಸ್‌ನ ಒಂದು ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಔಷಧಿ ಇರುತ್ತದೆ. ಸಿರಪ್‌ನಲ್ಲಿ 5 ಮಿ.ಲೀ.ಗೆ 125, ಅಂದರೆ ಒಂದು ಮಿ.ಲೀ.ಗೆ 25. ನಾಲ್ಕು ಪಟ್ಟು ವ್ಯತ್ಯಾಸ. ನಮ್ಮ ತಪ್ಪಿನಲ್ಲಿ ಔಷಧಿ ಕಡಿಮೆಯಾಗುತ್ತಿತ್ತು ಅಷ್ಟೇ. ಸಿರಪ್ಪಿನ ಅಳತೆ ಹಿಡಿದು ಡ್ರಾಪ್ಸ್ ಕುಡಿಸಿದ್ದರೆ ನಾಲ್ಕು ಪಟ್ಟು ಹೆಚ್ಚಾಗಿ ಯಕೃತ್ತಿಗೆ ಅಪಾಯವಾಗುತ್ತಿತ್ತು. ಬಾಟಲಿಯ ಜೊತೆ ಬಂದ ಡ್ರಾಪರ್ ಬಿಟ್ಟು ಬೇರೆಯದರಲ್ಲಿ ಅಳೆಯಬೇಡಿ. ಎರಡು ದಿನ ದಾಟಿದರೂ ಜ್ವರ ಇದ್ದರೆ, ಅಥವಾ ಅದಕ್ಕೂ ಮುಂಚೆ ಕೂಸು ಹಾಲು ಬಿಟ್ಟರೆ, ಅದನ್ನು ಲಸಿಕೆಯ ಜ್ವರ ಎಂದುಕೊಳ್ಳದೆ ಬೀರುವಿನ ಮೇಲಿನ ಪಟ್ಟಿಯಂತೆ ನಡೆಯಿರಿ.

ಮುಂದಿನ ಲಸಿಕೆಗಳು ಹತ್ತನೇ ಮತ್ತು ಹದಿನಾಲ್ಕನೇ ವಾರಕ್ಕೆ. ಕಾರ್ಡಿನಲ್ಲಿ ದಿನಾಂಕ ಬರೆಸಿಕೊಂಡು ಬಂದ ಸಂಜೆಯೇ ಗಂಡ ಆ ಎರಡು ದಿನಕ್ಕೆ, ಅವುಗಳ ಮರುದಿನಕ್ಕೂ ರಜೆ ಅರ್ಜಿ ಬರೆದರು. ಎದುರು ಮನೆಯ ಅಜ್ಜಿಗೂ ತಾರೀಖು ಹೇಳಿದೆ. "ಆವತ್ತು ಬುತ್ತಿ ನಮ್ಮನ್ಯಾಗಿಂದ ತಗೊಂಬರ್ತೀನಿ, ನೀ ಒಲಿ ಹಚ್ಬ್ಯಾಡ" ಎಂದರು.